ಕೊಬ್ಬು ಇಳಿಸುವಾಗ ಮೊಟ್ಟೆ, ಚಿಕನ್, ಮೀನು: ದಿನದ ಪ್ರೋಟೀನ್ ಲೆಕ್ಕ ಹಾಕುವುದು ಹೇಗೆ?

ಜಿಮ್‌ಗೆ ಸೇರಿದ ಹುಡುಗರು ಪದೇ ಪದೇ ಕೇಳುವುದು ಇದನ್ನೇ. "ಹೊಟ್ಟೆ ಕರಗಬೇಕು, ಆದರೆ ಮಸಲ್ ಹೋಗಬಾರದು. ದಿನಕ್ಕೆ ಎಷ್ಟು ಮೊಟ್ಟೆ ತಿನ್ನಲಿ? ಚಿಕನ್ ಎಷ್ಟು? ಮೀನು ರಾತ್ರಿ ತಿನ್ನಬಹುದಾ?" ಒಬ್ಬ ಹತ್ತು ಮೊಟ್ಟೆ ಅಂತಾನೆ, ಇನ್ನೊಬ್ಬ ಹಳದಿ ಮುಟ್ಟಲೇಬೇಡ ಅಂತಾನೆ, ಮತ್ತೊಬ್ಬ ಬರೀ ಬೇಯಿಸಿದ ಬ್ರೆಸ್ಟ್ ಪೀಸ್ ತಿನ್ನು ಅಂತಾನೆ. ಎಷ್ಟು ಬೇಕು ಅನ್ನುವುದು ನಿಮ್ಮ ತೂಕದ ಮೇಲೆ ನಿಂತಿರುವಾಗ ಎಲ್ಲರಿಗೂ ಒಂದೇ ಉತ್ತರ ಹೇಗೆ ಸರಿಹೋಗುತ್ತದೆ?

ಈ ಲೇಖನದಲ್ಲಿ ಒಬ್ಬ ಹುಡುಗನ ಲೆಕ್ಕವನ್ನು ಮೊದಲಿಂದ ಕೊನೆಯವರೆಗೆ ಹಾಕಿ ತೋರಿಸಿದ್ದೇನೆ. ವಯಸ್ಸು 24, ತೂಕ 78 ಕಿಲೋ. ವಾರಕ್ಕೆ ನಾಲ್ಕು ದಿನ ಭಾರ ಎತ್ತುತ್ತಾನೆ, ಉಳಿದ ಹೊತ್ತು ಕುರ್ಚಿಯಲ್ಲಿ ಕೂತು ಮಾಡುವ ಕೆಲಸ. ನಿಮ್ಮ ಅಂಕಿ ಬೇರೆ ಇದ್ದರೆ ಅವನ ಜಾಗದಲ್ಲಿ ನಿಮ್ಮದನ್ನು ಹಾಕಿಕೊಳ್ಳಿ.

ಬೇಕಾಗುವ ಸಾಮಾನು ಮೂರೇ. ಗ್ರಾಂ ತೋರಿಸುವ ಅಡುಗೆಮನೆಯ ತಕ್ಕಡಿ, ದೇಹದ ತೂಕ ನೋಡುವ ಮೆಷಿನ್, ಒಂದು ಟೀ ಚಮಚ. ಚಮಚ ಯಾಕೆ ಅಂತ ಆಮೇಲೆ ಗೊತ್ತಾಗುತ್ತದೆ.

ಶುರು ಮಾಡುವ ಮೊದಲು ಒಂದು ಮಾತು. ಕಿಡ್ನಿ ತೊಂದರೆ ಇರುವವರು, ಯೂರಿಕ್ ಆಸಿಡ್ ಜಾಸ್ತಿ ಇರುವವರು, ಡಯಾಬಿಟಿಸ್ ಇರುವವರು ಅಥವಾ ಮನೆತನದಲ್ಲೇ ಕೊಲೆಸ್ಟರಾಲ್ ತೊಂದರೆ ಇರುವವರು ಈ ಲೆಕ್ಕವನ್ನು ಹಾಗೇ ಎತ್ತಿಕೊಳ್ಳಬೇಡಿ. ಡಾಕ್ಟರ್‌ಗೆ ತೋರಿಸಿ, ಅವರು ಹೇಳಿದ ಮಿತಿಯೊಳಗೆ ಮಾಡಿ.

ಹಂತ 1: ನಿಮ್ಮ ಅಂಕಿ ಹುಡುಕಿ

ಸುಮ್ನೆ ಬದುಕಿರುವುದಕ್ಕೆ ದೊಡ್ಡವರಿಗೆ ಕಿಲೋ ತೂಕಕ್ಕೆ ದಿನಕ್ಕೆ 0.8 ಗ್ರಾಂ ಪ್ರೋಟೀನ್ ಸಾಕು. ಆದರೆ ನೀವು ಊಟ ಕಮ್ಮಿ ಮಾಡಿ, ಭಾರವನ್ನೂ ಎತ್ತುತ್ತಿದ್ದೀರಿ. ಆಹಾರ ಸಾಲದೆ ಹೋದಾಗ ದೇಹ ಕೊಬ್ಬನ್ನಷ್ಟೇ ಕರಗಿಸುವುದಿಲ್ಲ, ಸ್ನಾಯುವಿಗೂ ಕೈ ಹಾಕುತ್ತದೆ. ಅದನ್ನು ತಡೆಯುವುದಕ್ಕೆ ಕಿಲೋಗೆ 1.6ರಿಂದ 2.2 ಗ್ರಾಂ ಬೇಕಾಗುತ್ತದೆ. ನಾನು 1.8 ಹಿಡಿಯುತ್ತೇನೆ. ನಮ್ಮ ಹುಡುಗನಿಗೆ 78 × 1.8, ಅಂದರೆ ಸುಮಾರು 140 ಗ್ರಾಂ.

ತೂಕ ತುಂಬಾ ಜಾಸ್ತಿ ಇರುವವರು ಈಗಿನ ತೂಕದಿಂದ ಗುಣಿಸಬೇಡಿ. 110 ಕಿಲೋ ಇದ್ದು 85ಕ್ಕೆ ಇಳಿಯಬೇಕು ಅಂತಿದ್ದರೆ 85ರಿಂದಲೇ ಗುಣಿಸಿ. ಮೈಮೇಲಿನ ಕೊಬ್ಬಿಗೆ ಪ್ರೋಟೀನ್ ಉಣಿಸುವ ಅಗತ್ಯ ಇಲ್ಲ.

ಈಗ ಕ್ಯಾಲರಿ. ಇಷ್ಟು ಓಡಾಟ, ವ್ಯಾಯಾಮ ಇರುವ ಹುಡುಗನ ತೂಕ ಏರದೆ ಇಳಿಯದೆ ನಿಲ್ಲುವುದಕ್ಕೆ ಕಿಲೋಗೆ ಸುಮಾರು 31 ಕ್ಯಾಲರಿ ಬೇಕು. 78 ಕಿಲೋಗೆ ಅದು 2400ರ ಆಸುಪಾಸು. ತೂಕ ಇಳಿಯಲಿ ಅಂತ ಅದರಲ್ಲಿ 500 ಕಳೆದರೆ 1900. ಇದು ಅಂದಾಜು ಅಷ್ಟೇ. ಸರಿಯೋ ತಪ್ಪೋ ಅಂತ ಎರಡು ಮೂರು ವಾರದ ತೂಕ ನೋಡಿದರೆ ಗೊತ್ತಾಗುತ್ತದೆ.

ಹೊಸಬರು ಎಡವುವುದು ಇಲ್ಲೇ. 140 ಗ್ರಾಂ ಅಂದ ತಕ್ಷಣ ಅಷ್ಟೂ ಮೊಟ್ಟೆ, ಚಿಕನ್, ಮೀನಿನಿಂದಲೇ ಬರಬೇಕು ಅಂದುಕೊಳ್ಳುತ್ತಾರೆ. ಹಾಗಿಲ್ಲ. ಅಕ್ಕಿ, ಗೋಧಿ, ತರಕಾರಿ, ಹಾಲು ಎಲ್ಲದರಲ್ಲೂ ಒಂದಿಷ್ಟು ಇದ್ದೇ ಇರುತ್ತದೆ. ದಿನಕ್ಕೆ ಹಸಿ ತೂಕದಲ್ಲಿ 200 ಗ್ರಾಂ ಅಕ್ಕಿ ಅಥವಾ ಗೋಧಿ, ಒಂದು ಲೋಟ ಹಾಲು, ಎರಡು ಹೊತ್ತು ತರಕಾರಿ ಸೇರಿದರೆ ಕಮ್ಮಿ ಅಂದರೂ 25ರಿಂದ 30 ಗ್ರಾಂ ಆಗುತ್ತದೆ. ಹಾಗಾಗಿ ನಮ್ಮ ಹುಡುಗನಿಗೆ ಮೊಟ್ಟೆ, ಚಿಕನ್, ಮೀನಿನಿಂದ ಬರಬೇಕಾದದ್ದು 110 ಗ್ರಾಂ ಮಾತ್ರ. ಈ 110 ನೆನಪಿಟ್ಟುಕೊಳ್ಳಿ.

ಹಂತ 2: ಯಾವುದು ಲೀನ್ ಅಂತ ಅಳೆಯಿರಿ

ಲೀನ್ ಪ್ರೋಟೀನ್ ಅಂದರೆ ಜೊತೆಯಲ್ಲಿ ಕೊಬ್ಬು ಕಮ್ಮಿ ಇರುವ ಪ್ರೋಟೀನ್. ಕಮ್ಮಿ ಅಂದರೆ ಎಷ್ಟು ಕಮ್ಮಿ? ಇದಕ್ಕೆ ಒಂದು ಸುಲಭದ ಅಳತೆ ಇದೆ. ಆ ಪದಾರ್ಥದಿಂದ 100 ಕ್ಯಾಲರಿ ತಿಂದರೆ ಎಷ್ಟು ಗ್ರಾಂ ಪ್ರೋಟೀನ್ ಸಿಗುತ್ತದೆ ಅಂತ ನೋಡಿ. 15 ದಾಟಿದರೆ ಲೀನ್. 10ರ ಆಸುಪಾಸಿದ್ದರೆ ಅದು ಪ್ರೋಟೀನೂ ಹೌದು, ಕೊಬ್ಬೂ ಹೌದು.

ಚರ್ಮ ತೆಗೆದ ಬ್ರೆಸ್ಟ್ ಪೀಸ್ 100 ಗ್ರಾಂ ಹಸಿ ಇದ್ದಾಗ 120 ಕ್ಯಾಲರಿ, ಪ್ರೋಟೀನ್ 22.5 ಗ್ರಾಂ. 100 ಕ್ಯಾಲರಿಗೆ ಸುಮಾರು 19 ಗ್ರಾಂ ಬಿತ್ತು. ಚರ್ಮ ತೆಗೆದ ತೊಡೆಯ ಮಾಂಸವೂ ಕೆಟ್ಟದ್ದೇನಲ್ಲ, 16 ಗ್ರಾಂ ಸಿಗುತ್ತದೆ. ಲೆಗ್ ಪೀಸ್ ತಿಂದರೆ ಕಟಿಂಗ್, ಅಂದರೆ ಕೊಬ್ಬು ಇಳಿಸುವ ಪ್ರಯತ್ನ, ಹಾಳು ಅನ್ನುವವರು ಈ ಅಂಕಿ ನೋಡಿಲ್ಲ. ಹಾಳು ಮಾಡುವುದು ಚರ್ಮ. ಅದೇ ತೊಡೆಯನ್ನು ಚರ್ಮದ ಸಮೇತ ತಿಂದರೆ 100 ಗ್ರಾಂಗೆ 220 ಕ್ಯಾಲರಿ ಆಗುತ್ತದೆ, 100 ಕ್ಯಾಲರಿಗೆ ಸಿಗುವ ಪ್ರೋಟೀನ್ ಏಳೂವರೆಗೆ ಇಳಿಯುತ್ತದೆ. ಬರೀ ಬ್ರೆಸ್ಟ್ ತಿಂದು ಬೇಜಾರಾದವರು ಧಾರಾಳವಾಗಿ ತೊಡೆ ತಿನ್ನಿ, ಚರ್ಮ ಕಿತ್ತು ಬಿಸಾಡಿ.

ಮೀನಿನಲ್ಲಿ ಎರಡು ಗುಂಪು ಮಾಡಿಕೊಳ್ಳಿ. ತಿಲಾಪಿಯಾ, ಕಾಡ್ ಥರದ ಬಿಳಿ ಮಾಂಸದ ಮೀನುಗಳಲ್ಲಿ ಕೊಬ್ಬು ತೀರಾ ಕಮ್ಮಿ. 100 ಗ್ರಾಂ ಹಸಿ ಮಾಂಸಕ್ಕೆ 100 ಕ್ಯಾಲರಿಯೂ ಆಗುವುದಿಲ್ಲ, ಪ್ರೋಟೀನ್ 18ರಿಂದ 20 ಗ್ರಾಂ. ಬ್ರೆಸ್ಟ್ ಪೀಸ್‌ಗೆ ಸರಿಸಾಟಿ. ನೀರಿನಲ್ಲಿ ಹಾಕಿಟ್ಟ ಟಿನ್ ಟ್ಯೂನಾ ಕೂಡ ಈ ಗುಂಪಿಗೇ ಸೇರುತ್ತದೆ, ಎಣ್ಣೆಯಲ್ಲಿ ಹಾಕಿದ್ದು ಸೇರುವುದಿಲ್ಲ. ಬಂಗುಡೆ, ಬೂತಾಯಿ, ಸಾಲ್ಮನ್ ಇವು ಕೊಬ್ಬಿನ ಮೀನು. ಹಿಡಿದ ಕಾಲಕ್ಕೆ ತಕ್ಕಂತೆ ಇವುಗಳ ಕೊಬ್ಬು ಏರುಪೇರಾಗುತ್ತದೆ, ಆದರೆ 100 ಗ್ರಾಂಗೆ 200 ಕ್ಯಾಲರಿ ಅಂತ ಹಿಡಿದರೆ ಮೋಸ ಇಲ್ಲ. ಪ್ರೋಟೀನ್ ಹೆಚ್ಚುಕಮ್ಮಿ ಅಷ್ಟೇ ಇರುತ್ತದೆ. ಅಂದರೆ 100 ಕ್ಯಾಲರಿಗೆ 9, 10 ಗ್ರಾಂ. ಹಾಗಂತ ಬಿಡಬೇಡಿ. ಹೃದಯಕ್ಕೆ ಒಳ್ಳೆಯದಾದ ಒಮೆಗಾ-3 ಕೊಬ್ಬು ಇರುವುದು ಇವುಗಳಲ್ಲೇ. ವಾರಕ್ಕೆ ಎರಡು ಸಲ ತಿನ್ನಿ. ಆ ದಿನ ಲೆಕ್ಕ ಬದಲಾಯಿಸಬೇಕು ಅಷ್ಟೇ, ಹೇಗೆ ಅಂತ ಹಂತ 4ರಲ್ಲಿ ಇದೆ. ಶಾರ್ಕ್, ಕತ್ತಿಮೀನು ಥರದ ದೊಡ್ಡ ಬೇಟೆಗಾರ ಮೀನುಗಳಲ್ಲಿ ಪಾದರಸ ಸೇರಿಕೊಂಡಿರುತ್ತದೆ. ದಿನಾ ಮೀನು ತಿನ್ನುವವರು ಅವನ್ನು ದೂರ ಇಡುವುದೇ ವಾಸಿ.

ಇನ್ನು ಮೊಟ್ಟೆ. ಜಗಳ ಜಾಸ್ತಿ ಇದರ ಮೇಲೇ ಅಲ್ವಾ? ದೊಡ್ಡ ಮೊಟ್ಟೆ ಒಂದರಲ್ಲಿ 72 ಕ್ಯಾಲರಿ, 6.3 ಗ್ರಾಂ ಪ್ರೋಟೀನ್. ಬಿಳಿ ಭಾಗದಲ್ಲಿ 17 ಕ್ಯಾಲರಿ, 3.6 ಗ್ರಾಂ ಪ್ರೋಟೀನ್. ಉಳಿದ 55 ಕ್ಯಾಲರಿ, 2.7 ಗ್ರಾಂ ಪ್ರೋಟೀನ್ ಹಳದಿಯದ್ದು. ಇಡೀ ಮೊಟ್ಟೆ ನಮ್ಮ ಅಳತೆಯಲ್ಲಿ ಒಂಬತ್ತರ ಹತ್ತಿರ ಬರುತ್ತದೆ, ಅಂದರೆ ಲೀನ್ ಅಲ್ಲ. ಬಿಳಿ ಮಾತ್ರ 21. ಇದನ್ನು ನೋಡಿಯೇ ಎಷ್ಟೋ ಜನ ಹಳದಿಯನ್ನೆಲ್ಲ ಸಿಂಕಿಗೆ ಸುರಿಯುತ್ತಾರೆ.

ನನಗೆ ಅದು ಸರಿ ಕಾಣುವುದಿಲ್ಲ. ವಿಟಮಿನ್ ಡಿ, ಬಿ12, ಕೋಲೀನ್ ಎಲ್ಲ ಇರುವುದು ಬಹುಪಾಲು ಹಳದಿಯಲ್ಲೇ. ಅದೂ ಅಲ್ಲದೆ ಲೆಕ್ಕ ಹಾಕಿ ನೋಡಿ. ಎರಡು ಇಡೀ ಮೊಟ್ಟೆ ಮತ್ತು ನಾಲ್ಕು ಬಿಳಿ ತಿಂದರೆ 212 ಕ್ಯಾಲರಿ, 27 ಗ್ರಾಂ ಪ್ರೋಟೀನ್. ಮೂರು ಇಡೀ ಮೊಟ್ಟೆ ತಿಂದರೆ 216 ಕ್ಯಾಲರಿ, 19 ಗ್ರಾಂ ಪ್ರೋಟೀನ್. ಕಮ್ಮಿ ಬಿದ್ದದ್ದು 8 ಗ್ರಾಂ. ಅದನ್ನು ತುಂಬುವುದಕ್ಕೆ ಮಧ್ಯಾಹ್ನ 40 ಗ್ರಾಂ ಚಿಕನ್ ಜಾಸ್ತಿ ಹಾಕಿಕೊಂಡರೆ ಮುಗಿಯಿತು. ಈ ಎಂಟು ಗ್ರಾಂಗೆ ದಿನಾ ನಾಲ್ಕು ಹಳದಿ ಚೆಲ್ಲಬೇಕಾ? ನಾನಾದರೆ ಮೂರು ಇಡೀ ಮೊಟ್ಟೆ, ಜೊತೆಗೆ ಎರಡು ಬಿಳಿ ಅಂತ ಇಡುತ್ತೇನೆ. ಆ ಎರಡು ಹಳದಿ ಮನೆಯಲ್ಲಿ ಬೇರೆಯವರ ಆಮ್ಲೆಟ್‌ಗೆ ಹೋಗುತ್ತದೆ.

ಹಸಿ ಮೊಟ್ಟೆ ಕುಡಿಯುವ ಶೋಕಿ ಬೇಡ. ಬೇಯಿಸಿದ ಮೊಟ್ಟೆಯ ಪ್ರೋಟೀನ್‌ನಲ್ಲಿ ಸುಮಾರು ಶೇ. 90ರಷ್ಟು ಮೈಗೆ ಹತ್ತಿದರೆ ಹಸಿಯದ್ದರಲ್ಲಿ ಅರ್ಧ ಮಾತ್ರ ಹತ್ತುತ್ತದೆ. ಸಾಲ್ಮೊನೆಲ್ಲಾ ಅನ್ನುವ ಬ್ಯಾಕ್ಟೀರಿಯಾದಿಂದ ಹೊಟ್ಟೆ ಕೆಡುವ ಅಪಾಯ ಬೇರೆ.

ಹಂತ 3: ತೂಗಿ, ಆದರೆ ಹಸಿಯೋ ಬೆಂದದ್ದೋ ನೋಡಿ ತೂಗಿ

ಎಲ್ಲ ಸರಿಯಾಗೇ ತಿನ್ನುತ್ತಿದ್ದೇನೆ ಅನ್ನುವವರ ಲೆಕ್ಕ ತಪ್ಪುವುದು ಬಹುತೇಕ ಇಲ್ಲಿ. ಚಿಕನ್ ಬೇಯುವಾಗ ನೀರು ಬಿಡುತ್ತದೆ, ತೂಕ ಕಾಲು ಭಾಗದಷ್ಟು ಇಳಿಯುತ್ತದೆ. ಪ್ರೋಟೀನ್ ಎಲ್ಲೂ ಹೋಗುವುದಿಲ್ಲ. ಹಾಗಾಗಿ 100 ಗ್ರಾಂ ಹಸಿ ಬ್ರೆಸ್ಟ್‌ನಲ್ಲಿ 22.5 ಗ್ರಾಂ ಪ್ರೋಟೀನ್ ಇದ್ದರೆ, 100 ಗ್ರಾಂ ಬೆಂದ ಬ್ರೆಸ್ಟ್‌ನಲ್ಲಿ 31 ಗ್ರಾಂ ಇರುತ್ತದೆ. ಎರಡೂ ಅಂಕಿ ಸರಿಯೇ.

ಈಗ ನೀವು 200 ಗ್ರಾಂ ಹಸಿ ಚಿಕನ್ ತೂಗಿ, ಮೊಬೈಲ್ ಆ್ಯಪ್‌ನಲ್ಲಿ ಬೆಂದ ಚಿಕನ್ನಿನ ಸಾಲು ಆರಿಸಿದಿರಿ ಅಂದುಕೊಳ್ಳಿ. ಆ್ಯಪ್ 62 ಗ್ರಾಂ ಪ್ರೋಟೀನ್ ಅನ್ನುತ್ತದೆ. ಹೊಟ್ಟೆಗೆ ಹೋದದ್ದು 45. ಒಂದೇ ಊಟದಲ್ಲಿ 17 ಗ್ರಾಂ ಸುಳ್ಳು ಲೆಕ್ಕ. ದಿನಾ ಇದೇ ನಡೆದರೆ 140 ತಿಂದೆ ಅಂತ ಬರೆದುಕೊಂಡು 120 ತಿನ್ನುತ್ತಿರುತ್ತೀರಿ. ಅದಕ್ಕೇ ಒಂದು ನಿಯಮ ಮಾಡಿಕೊಳ್ಳಿ: ತೂಗುವುದು ಯಾವಾಗಲೂ ಹಸಿ, ಲೆಕ್ಕವೂ ಹಸಿಯದ್ದೇ.

"ನಮ್ಮನೇಲಿ ಎಲ್ಲರಿಗೂ ಸೇರಿಸಿ ಒಂದೇ ಪಾತ್ರೆಯಲ್ಲಿ ಮಾಡ್ತಾರೆ, ನನ್ನದು ಮಾತ್ರ ಹೇಗೆ ತೂಗಲಿ?" ಈ ಪ್ರಶ್ನೆಯೂ ಬರುತ್ತದೆ. ಅಡುಗೆಗೆ ಮೊದಲು ಬೋನ್‌ಲೆಸ್ ಚಿಕನ್ ಒಟ್ಟು ಎಷ್ಟಿದೆ ನೋಡಿ. ಒಂದು ಕಿಲೋ ಅಂದುಕೊಳ್ಳಿ. ಬೆಂದ ಮೇಲೆ ಜಾಲರಿ ಸೌಟಿನಿಂದ ತುಂಡುಗಳನ್ನಷ್ಟೇ ಎತ್ತಿ, ರಸ ಸೋರಲು ಬಿಟ್ಟು ತಟ್ಟೆಯಲ್ಲಿ ತೂಗಿ. ತಟ್ಟೆಯ ತೂಕ ಕಳೆಯುವುದು ಮರೆಯಬೇಡಿ. 750 ಗ್ರಾಂ ಬಂತು ಅಂದರೆ ಹಸಿಯ ನೂರಕ್ಕೆ ಬೆಂದದ್ದು ಎಪ್ಪತ್ತೈದು. ನಿಮಗೆ 200 ಗ್ರಾಂ ಹಸಿಯ ಪಾಲು ಬೇಕಿದ್ದರೆ 150 ಗ್ರಾಂ ಬೆಂದ ತುಂಡು ಹಾಕಿಕೊಳ್ಳಿ. ಅಡುಗೆಯ ವಿಧಾನ ಒಂದೇ ಇದ್ದರೆ ಈ ಅನುಪಾತ ಜಾಸ್ತಿ ಬದಲಾಗುವುದಿಲ್ಲ. ಎರಡು ಸಲ ತೂಗಿ ನೋಡಿದರೆ ಆಮೇಲೆ ದಿನಾ ತೂಗಬೇಕಾಗಿಲ್ಲ.

ಮೂಳೆ ಇರುವ ಚಿಕನ್‌ಗೆ ಇನ್ನೊಂದು ಉಪಾಯ. ನಿಮ್ಮ ಪಾಲಿನ ಬೆಂದ ತುಂಡುಗಳನ್ನು ತೂಗಿ ಬರೆದಿಟ್ಟುಕೊಳ್ಳಿ, ತಿಂದಾದ ಮೇಲೆ ತಟ್ಟೆಯಲ್ಲಿ ಉಳಿದ ಮೂಳೆಗಳನ್ನು ತೂಗಿ ಕಳೆಯಿರಿ. 260 ಗ್ರಾಂ ಹಾಕಿಕೊಂಡು 85 ಗ್ರಾಂ ಮೂಳೆ ಉಳಿದರೆ ತಿಂದದ್ದು 175 ಗ್ರಾಂ ಬೆಂದ ಮಾಂಸ. ಇದಕ್ಕೆ ಮಾತ್ರ ಬೆಂದ ಮಾಂಸದ ಅಂಕಿ ಬಳಸಿ. ಮೊದಲ ಸಲ ಮೂಳೆ ತೂಗುವಾಗ ಮನೆಯವರು ನಗುತ್ತಾರೆ, ನಗಲಿ ಬಿಡಿ. ಇಡೀ ಮೀನು ತಂದರೆ ತಲೆ, ಹೊಟ್ಟೆ, ಮೂಳೆ, ಚಿಪ್ಪು ಅಂತ ಅರ್ಧದಷ್ಟು ಹೋಗಿಬಿಡುತ್ತದೆ. 400 ಗ್ರಾಂ ಮೀನು ತಂದವನು 400 ಗ್ರಾಂ ಅಂತ ಬರೆದುಕೊಂಡರೆ ಅದು ಲೆಕ್ಕವಲ್ಲ, ಆಸೆ.

ಹಂತ 4: ಒಂದು ದಿನ ಜೋಡಿಸಿ

ನಮ್ಮ ಹುಡುಗನ 110 ಗ್ರಾಂ ಹೀಗೆ ಕೂರುತ್ತದೆ.

ಬೆಳಿಗ್ಗೆ ಮೂರು ಇಡೀ ಮೊಟ್ಟೆ, ಎರಡು ಬಿಳಿ: 26 ಗ್ರಾಂ ಪ್ರೋಟೀನ್, 250 ಕ್ಯಾಲರಿ.
ಮಧ್ಯಾಹ್ನ ಚರ್ಮವಿಲ್ಲದ ಬ್ರೆಸ್ಟ್ 200 ಗ್ರಾಂ: 45 ಗ್ರಾಂ ಪ್ರೋಟೀನ್, 240 ಕ್ಯಾಲರಿ.
ರಾತ್ರಿ ಬಿಳಿ ಮಾಂಸದ ಮೀನು 200 ಗ್ರಾಂ: 40 ಗ್ರಾಂ ಪ್ರೋಟೀನ್, 195 ಕ್ಯಾಲರಿ.

ಒಟ್ಟು 111 ಗ್ರಾಂ ಪ್ರೋಟೀನ್, 685 ಕ್ಯಾಲರಿ. ಚಿಕನ್, ಮೀನು ಎರಡೂ ಹಸಿ ತೂಕ, ಮೂಳೆ ಇಲ್ಲದೆ. 1900ರಲ್ಲಿ ಇನ್ನೂ 1200 ಉಳಿಯಿತು ನೋಡಿ. ಅದರಲ್ಲಿ ಎಣ್ಣೆ, ಅನ್ನ, ತರಕಾರಿ, ಹಣ್ಣು, ಹಾಲು ಎಲ್ಲ ಬರಬೇಕು. ಅನ್ನ ಪೂರ್ತಿ ಬಿಡಬೇಕಾಗಿಲ್ಲ ಅನ್ನುವುದು ಈ ಲೆಕ್ಕದಲ್ಲೇ ಕಾಣುತ್ತದೆ.

ಈಗ ಆ ಚಮಚದ ವಿಷಯ. ಎಣ್ಣೆ ಒಂದು ಟೀ ಚಮಚಕ್ಕೆ 40 ಕ್ಯಾಲರಿ. ಬಾಟಲಿಯಿಂದ ಬಾಣಲೆಗೆ ಕಣ್ಣಂದಾಜಿನಲ್ಲಿ ಸುರಿದರೆ ಮೂರು ನಾಲ್ಕು ಚಮಚ ಸಲೀಸಾಗಿ ಬೀಳುತ್ತದೆ. ಹೀಗೆ ಎರಡು ಹೊತ್ತು ಮಾಡಿದರೆ 300 ಕ್ಯಾಲರಿ. ಕಷ್ಟಪಟ್ಟು ಕಮ್ಮಿ ಮಾಡಿದ 500ರಲ್ಲಿ ಅರ್ಧಕ್ಕಿಂತ ಜಾಸ್ತಿ ಅಲ್ಲೇ ಹೋಯಿತು, ಚಿಕನ್ ಮಾತ್ರ ಬ್ರೆಸ್ಟ್ ಪೀಸೇ! ಇಡೀ ದಿನಕ್ಕೆ ನಾಲ್ಕು ಟೀ ಚಮಚ ಅಂತ ಗೆರೆ ಎಳೆದುಕೊಳ್ಳಿ. ಬೆಳಿಗ್ಗೆ ಒಂದು ಸಣ್ಣ ಬಟ್ಟಲಿಗೆ ಅಳೆದು ಹಾಕಿಟ್ಟು, ದಿನದ ಅಡುಗೆಗೆ ಅದರಿಂದಲೇ ತೆಗೆದುಕೊಳ್ಳುವುದು ಇನ್ನೂ ಸುಲಭ. ಹಿಟ್ಟು ಹಚ್ಚಿ ಕರಿದ ಮೀನಿನ ವಿಷಯ ಕೇಳಲೇಬೇಡಿ. ಬಿಳಿ ಮೀನಿನ ಕ್ಯಾಲರಿ ಕರಿದರೆ ದುಪ್ಪಟ್ಟಾಗುತ್ತದೆ.

ಹಾಗಂತ ಎಣ್ಣೆ, ಹಳದಿ ಎಲ್ಲ ತೆಗೆದು ಕೊಬ್ಬನ್ನು ಸೊನ್ನೆಗೆ ತರಬೇಡಿ. ಹಾರ್ಮೋನುಗಳಿಗೆ ಕೊಬ್ಬು ಬೇಕು, ಕೆಲವು ವಿಟಮಿನ್‌ಗಳು ಮೈಗೆ ಹತ್ತುವುದಕ್ಕೂ ಬೇಕು. ಕಿಲೋ ತೂಕಕ್ಕೆ 0.7 ಗ್ರಾಂ ಅಂತ ಇಟ್ಟುಕೊಂಡರೆ ಈ ಹುಡುಗನಿಗೆ ದಿನಕ್ಕೆ 55 ಗ್ರಾಂ. ಮೇಲಿನ ಮೊಟ್ಟೆ, ಚಿಕನ್, ಮೀನಿನಲ್ಲಿ 23 ಗ್ರಾಂ ಬಂತು, ನಾಲ್ಕು ಚಮಚ ಎಣ್ಣೆಯಲ್ಲಿ 18. ಉಳಿದದ್ದು ಹಾಲು, ಧಾನ್ಯ, ಒಂದು ಹಿಡಿ ಬೀಜಗಳಲ್ಲಿ ಬಂದುಬಿಡುತ್ತದೆ.

ಬಂಗುಡೆ ತರುವ ದಿನ ಏನು ಮಾಡುವುದು? ಬಿಳಿ ಮೀನಿನ ಬದಲು ಅಷ್ಟೇ ತೂಕದ ಬಂಗುಡೆ ಹಾಕಿಕೊಂಡರೆ 200 ಕ್ಯಾಲರಿ ಜಾಸ್ತಿ ಆಗುತ್ತದೆ. ಅದಕ್ಕೇ ಮೀನನ್ನು 150 ಗ್ರಾಂಗೆ ಇಳಿಸಿ, ಮಧ್ಯಾಹ್ನದ ಚಿಕನ್ 250ಕ್ಕೆ ಏರಿಸಿ. ಬೆಳಿಗ್ಗೆ ಎರಡು ಇಡೀ ಮೊಟ್ಟೆ, ಮೂರು ಬಿಳಿ ತಿನ್ನಿ. ಎಣ್ಣೆ ನಾಲ್ಕು ಚಮಚದಿಂದ ಎರಡಕ್ಕೆ ತನ್ನಿ. ಬಂಗುಡೆ ತನ್ನ ಕೊಬ್ಬಿನಲ್ಲೇ ಬೇಯುತ್ತದೆ, ನಾನ್‌ಸ್ಟಿಕ್ ತವಾಕ್ಕೆ ಒಂದೆರಡು ಹನಿ ಸವರಿದರೆ ಸಾಕು. ಈಗ ಮಾಮೂಲಿ ದಿನಕ್ಕಿಂತ 30, 40 ಕ್ಯಾಲರಿ ಜಾಸ್ತಿ, ಪ್ರೋಟೀನ್ ಮೂರು ನಾಲ್ಕು ಗ್ರಾಂ ಕಮ್ಮಿ. ಅಷ್ಟಕ್ಕೆ ತಲೆಕೆಡಿಸಿಕೊಳ್ಳಬೇಡಿ.

ಮೂರು ಹೊತ್ತೂ ಒಂದೇ ಅಳತೆ ಇರಬೇಕು ಅಂತೇನಿಲ್ಲ. ಒಂದು ಹೊತ್ತಿಗೆ 25 ಗ್ರಾಂ ದಾಟಿದರೆ ಸಾಕು. ದಿನದ ಒಟ್ಟು ಮೊತ್ತ ಮುಖ್ಯ. ವ್ಯಾಯಾಮ ಮುಗಿದ ಅರ್ಧ ಗಂಟೆಯೊಳಗೆ ತಿನ್ನದಿದ್ದರೆ ವ್ಯರ್ಥ ಅನ್ನುವ ಗಡಿಬಿಡಿ ಬೇಡ. ಮೀನು ರಾತ್ರಿ ತಿನ್ನಬಹುದಾ ಅಂದರೆ, ತಿನ್ನಬಹುದು. ಮಧ್ಯಾಹ್ನ ಮೀನು, ರಾತ್ರಿ ಚಿಕನ್ ಮಾಡಿದರೂ ಲೆಕ್ಕ ಅದೇ.

ಹಂತ 5: ತಿನ್ನುವ ಹಾಗೆ ಬೇಯಿಸಿ

ರಬ್ಬರಿನ ಹಾಗಿರುವ ಬ್ರೆಸ್ಟ್ ಪೀಸನ್ನು ಹತ್ತು ದಿನಕ್ಕಿಂತ ಜಾಸ್ತಿ ಯಾರೂ ತಿನ್ನಲಾರರು. ಬ್ರೆಸ್ಟ್ ಒಣಗುವುದಕ್ಕೆ ಕಾರಣ ಅದರ ಆಕಾರ. ಒಂದು ತುದಿ ದಪ್ಪ, ಇನ್ನೊಂದು ತೆಳ್ಳಗೆ. ದಪ್ಪದ ಕಡೆ ಬೇಯುವಷ್ಟರಲ್ಲಿ ತೆಳ್ಳಗಿನ ಕಡೆ ಒಣಗಿರುತ್ತದೆ. ತುಂಡನ್ನು ಪ್ಲಾಸ್ಟಿಕ್ ಕವರ್‌ನೊಳಗಿಟ್ಟು ಲಟ್ಟಣಿಗೆಯಿಂದ ದಪ್ಪದ ಕಡೆ ತಟ್ಟಿ, ಎಲ್ಲ ಕಡೆ ಒಂದೂವರೆ ಸೆಂಟಿಮೀಟರ್ ಆಗುವಂತೆ ಸಮ ಮಾಡಿ. ಉಪ್ಪು ಸವರಿ ಅರ್ಧ ಗಂಟೆ ಫ್ರಿಜ್‌ನಲ್ಲಿಡಿ. ಆಮೇಲೆ ಚೆನ್ನಾಗಿ ಕಾದ ತವಾದ ಮೇಲೆ ಒಂದು ಚಮಚ ಎಣ್ಣೆಯಲ್ಲಿ ಒಂದೊಂದು ಮಗ್ಗುಲು ನಾಲ್ಕೈದು ನಿಮಿಷ ಬೇಯಿಸಿ. ಒಲೆಯಿಂದ ಇಳಿಸಿ ಐದು ನಿಮಿಷ ಹಾಗೇ ಬಿಡಿ, ತಕ್ಷಣ ಕತ್ತರಿಸಿದರೆ ರಸವೆಲ್ಲ ಹಲಗೆಯ ಮೇಲೆ ಹರಿದುಹೋಗುತ್ತದೆ. ಥರ್ಮಾಮೀಟರ್ ಇದ್ದರೆ ಅತಿ ದಪ್ಪದ ಜಾಗದಲ್ಲಿ ಚುಚ್ಚಿ ನೋಡಿ, 74 ಡಿಗ್ರಿ ಸೆಲ್ಸಿಯಸ್ ಬಂದಿರಬೇಕು. ಇಲ್ಲದಿದ್ದರೆ ಅಲ್ಲೇ ಕತ್ತರಿಸಿ ನೋಡಿ. ಗುಲಾಬಿ ಬಣ್ಣ ಇರಬಾರದು, ಸೋರುವ ರಸ ತಿಳಿಯಾಗಿರಬೇಕು. ಅನುಮಾನ ಇದ್ದರೆ ಇನ್ನೊಂದು ನಿಮಿಷ ಇಡಿ.

ನಿಂಬೆರಸ ಹಾಕಿ ರಾತ್ರಿಯಿಡೀ ನೆನೆಸುವುದು ಮೆತ್ತಗಾಗಲಿ ಅಂತ. ಆಗುವುದು ಉಲ್ಟಾ. ಹುಳಿ ಜಾಸ್ತಿ ಹೊತ್ತು ಕೂತರೆ ಮೇಲ್ಭಾಗ ಹಿಟ್ಟುಹಿಟ್ಟಾಗುತ್ತದೆ. ನಿಂಬೆ ಹಿಂಡುವುದಾದರೆ ಬೇಯಿಸುವ ಸ್ವಲ್ಪ ಮೊದಲು ಹಿಂಡಿ.

ಹಸಿ ಚಿಕನ್ನನ್ನು ನಲ್ಲಿಯ ಕೆಳಗೆ ತೊಳೆಯುವುದು ಎಷ್ಟೋ ಮನೆಗಳಲ್ಲಿ ರೂಢಿ. ಸಿಡಿಯುವ ನೀರಿನ ಜೊತೆ ಬ್ಯಾಕ್ಟೀರಿಯಾ ಸಿಂಕಿನ ಸುತ್ತ, ಪಕ್ಕದಲ್ಲಿಟ್ಟ ಪಾತ್ರೆಗಳ ಮೇಲೆ ಹರಡುತ್ತದೆ. ಅವು ಸಾಯುವುದು ಬೆಂಕಿಯಲ್ಲಿ, ನೀರಿನಲ್ಲಲ್ಲ. ಏನಾದರೂ ಅಂಟಿಕೊಂಡಿದ್ದರೆ ಟಿಶ್ಯೂ ಪೇಪರ್‌ನಿಂದ ಒರೆಸಿ, ಕೈ ಮತ್ತು ಹಲಗೆಯನ್ನು ಸೋಪಿನಿಂದ ತೊಳೆಯಿರಿ.

ಮೀನು ಬೆಂದಿದೆಯೋ ಅಂತ ನೋಡಲು ಫೋರ್ಕ್‌ನಿಂದ ಮೆಲ್ಲಗೆ ತಿರುಗಿಸಿ. ಮಾಂಸ ಎಸಳೆಸಳಾಗಿ ಬಿಟ್ಟುಕೊಂಡರೆ, ಗಾಜಿನ ಹಾಗೆ ಕಾಣುತ್ತಿದ್ದದ್ದು ಪೂರ್ತಿ ಬೆಳ್ಳಗಾಗಿದ್ದರೆ ಆಯಿತು. ಮೊಟ್ಟೆಯನ್ನು ಕುದಿಯುವ ನೀರಿಗೆ ಹಾಕಿ ಹತ್ತು ಹನ್ನೊಂದು ನಿಮಿಷ ಬಿಟ್ಟು, ತೆಗೆದು ತಣ್ಣೀರಿಗೆ ಹಾಕಿ. ಹಳದಿಯ ಸುತ್ತ ಹಸಿರು ಉಂಗುರ ಬಂದಿದ್ದರೆ ಬೆಂದದ್ದು ಜಾಸ್ತಿಯಾಗಿದೆ ಅಂತ. ತಿನ್ನಬಹುದು, ರುಚಿ ಕಮ್ಮಿ ಅಷ್ಟೇ.

ದಿನಾ ಅಡುಗೆಗೆ ಪುರುಸೊತ್ತು ಇಲ್ಲದವರು ಚಿಕನ್ ಮೂರು ದಿನಕ್ಕಾಗುವಷ್ಟು ಒಟ್ಟಿಗೆ ಮಾಡಿಟ್ಟುಕೊಳ್ಳಬಹುದು. ಬೆಂದ ಎರಡು ಗಂಟೆಯೊಳಗೆ ಫ್ರಿಜ್ ಸೇರಬೇಕು. ಅಲ್ಲಿ ಮೂರು, ಹೆಚ್ಚೆಂದರೆ ನಾಲ್ಕು ದಿನ ಇರುತ್ತದೆ. ಸಿಪ್ಪೆ ಸುಲಿಯದ ಬೇಯಿಸಿದ ಮೊಟ್ಟೆ ಒಂದು ವಾರ ಇರುತ್ತದೆ. ಮೀನನ್ನು ಮಾತ್ರ ಆಯಾ ದಿನವೇ ಬೇಯಿಸಿ. ಮರುದಿನ ಬಿಸಿ ಮಾಡಿದ ಮೀನಿನ ವಾಸನೆಗೆ ಊಟವೇ ಬೇಡ ಅನ್ನಿಸುತ್ತದೆ.

ಹಂತ 6: ತೂಕ ನೋಡಿ, ಆಮೇಲೆ ಬದಲಾಯಿಸಿ

ದಿನಾ ಬೆಳಿಗ್ಗೆ ಶೌಚ ಮುಗಿಸಿ, ಏನೂ ತಿನ್ನುವ ಮೊದಲು ತೂಕ ನೋಡಿ ಬರೆದಿಡಿ. ಒಂದೊಂದು ದಿನದ ಅಂಕಿಗೆ ಬೆಲೆ ಕೊಡಬೇಡಿ. ಹಿಂದಿನ ರಾತ್ರಿ ಉಪ್ಪು ಜಾಸ್ತಿಯಾಗಿದ್ದರೆ ಮರುದಿನ ಒಂದು ಕಿಲೋ ಏರಿರಬಹುದು, ಅದು ನೀರು. ಏಳು ದಿನದ ಅಂಕಿ ಕೂಡಿಸಿ ಏಳರಿಂದ ಭಾಗಿಸಿ. ಈ ವಾರದ ಸರಾಸರಿಯನ್ನು ಹೋದ ವಾರದ್ದರ ಪಕ್ಕ ಇಟ್ಟು ನೋಡಿ. ಜೊತೆಗೆ ವಾರಕ್ಕೊಮ್ಮೆ ಹೊಕ್ಕುಳ ಮಟ್ಟದಲ್ಲಿ ಸೊಂಟದ ಸುತ್ತಳತೆ ತೆಗೆದುಕೊಳ್ಳಿ.

ವಾರಕ್ಕೆ ತೂಕದ ಶೇ. 0.5ರಿಂದ 1ರಷ್ಟು ಇಳಿಯುತ್ತಿದ್ದರೆ ಸರಿ. 78 ಕಿಲೋದವನಿಗೆ ಅದು 400ರಿಂದ 800 ಗ್ರಾಂ. ಮೊದಲ ವಾರ ಒಂದೂವರೆ, ಎರಡು ಕಿಲೋ ಇಳಿದರೆ ಹಿಗ್ಗಬೇಡಿ, ಅದರಲ್ಲಿ ನೀರೇ ಜಾಸ್ತಿ.

ಎರಡು ಮೂರು ವಾರ ಕಳೆದರೂ ಸರಾಸರಿ ಅಲ್ಲಾಡದಿದ್ದರೆ ಮೊದಲು ಎಣ್ಣೆ ಚಮಚ, ಹಸಿ ತೂಕ ಎರಡನ್ನೂ ಮತ್ತೆ ಪರೀಕ್ಷೆ ಮಾಡಿ. ತಪ್ಪು ಬಹುತೇಕ ಅಲ್ಲೇ ಸಿಗುತ್ತದೆ. ಅಲ್ಲೂ ಸರಿಯಿದ್ದರೆ ದಿನಕ್ಕೆ 150 ಕ್ಯಾಲರಿ ಕಡಿಮೆ ಮಾಡಿ. ಕಡಿಮೆ ಮಾಡುವುದು ಅನ್ನದಲ್ಲಿ, ಎಣ್ಣೆಯಲ್ಲಿ. ಚಿಕನ್, ಮೀನು, ಮೊಟ್ಟೆಗೆ ಕೈ ಹಾಕಬೇಡಿ.

ಉಲ್ಟಾ ಆಗುವುದೂ ಉಂಟು. ತೂಕ ವಾರಕ್ಕೆ ಒಂದು ಕಿಲೋಗಿಂತ ಜಾಸ್ತಿ ಇಳಿಯುತ್ತಿದೆ, ಹೋದ ತಿಂಗಳು ಎಂಟು ಸಲ ಎತ್ತುತ್ತಿದ್ದ ಭಾರ ಈಗ ಐದು ಸಲಕ್ಕೇ ನಿಲ್ಲುತ್ತಿದೆ, ನಿದ್ದೆ ಸರಿ ಬರುತ್ತಿಲ್ಲ ಅಂದರೆ ಸ್ನಾಯು ಹೋಗುತ್ತಿರುವ ಸೂಚನೆ. ಆಗ ಪ್ರೋಟೀನ್ ಇನ್ನೂ ಏರಿಸಿ ಉಪಯೋಗ ಇಲ್ಲ. ಕ್ಯಾಲರಿ ತೀರಾ ಕಮ್ಮಿಯಾಗಿದೆ. ದಿನಕ್ಕೆ 200 ಕ್ಯಾಲರಿಯಷ್ಟು ಅನ್ನವನ್ನೋ ಹಣ್ಣನ್ನೋ ವಾಪಸ್ ಸೇರಿಸಿ, ಎರಡು ವಾರ ನೋಡಿ.

ಮಲಬದ್ಧತೆ ಶುರುವಾದರೆ ಅದು ಪ್ರೋಟೀನ್‌ನ ತಪ್ಪಲ್ಲ. ಮೊಟ್ಟೆ, ಚಿಕನ್, ಮೀನು ಮೂರರಲ್ಲೂ ನಾರು ಅನ್ನುವುದು ಒಂದು ಗ್ರಾಂ ಕೂಡ ಇಲ್ಲ. ತಟ್ಟೆಯಲ್ಲಿ ಮಾಂಸ ಜಾಸ್ತಿಯಾದ ಹಾಗೆ ತರಕಾರಿ ಹಿಂದೆ ಸರಿದಿರುತ್ತದೆ. ಮಧ್ಯಾಹ್ನ, ರಾತ್ರಿ ಎರಡೂ ಹೊತ್ತು 200 ಗ್ರಾಂನಂತೆ ತರಕಾರಿ ಹಾಕಿಕೊಳ್ಳಿ, ನೀರು ಚೆನ್ನಾಗಿ ಕುಡಿಯಿರಿ. ನಾಲ್ಕೈದು ದಿನದಲ್ಲಿ ಸರಿಹೋಗುತ್ತದೆ.

ನಾಲ್ಕೈದು ಕಿಲೋ ಇಳಿದ ಮೇಲೆ ಹಂತ 1ಕ್ಕೆ ವಾಪಸ್ ಹೋಗಿ ಕ್ಯಾಲರಿ ಲೆಕ್ಕ ಹೊಸದಾಗಿ ಹಾಕಿ. 73 ಕಿಲೋ ಆದವನಿಗೆ ತೂಕ ನಿಲ್ಲುವ ಮಟ್ಟವೇ 2250ರ ಹತ್ತಿರ ಬಂದಿರುತ್ತದೆ, ಹಳೆಯ 1900 ಅವನಿಗೆ ಅಷ್ಟೇನೂ ಕಮ್ಮಿಯಲ್ಲ. ಪ್ರೋಟೀನ್ ಮಾತ್ರ 140ರಲ್ಲೇ ಇರಲಿ. ಕಿಲೋಗೆ 1.9 ಆಗುತ್ತದೆ. ಮೈ ತೆಳ್ಳಗಾದಷ್ಟೂ ಸ್ನಾಯು ಕಳೆದುಕೊಳ್ಳುವ ಅಪಾಯ ಜಾಸ್ತಿ, ಹಾಗಾಗಿ ಆ ಹೊತ್ತಿಗೆ ಅಷ್ಟು ಬೇಕೇ ಬೇಕು.